ರೊಟ್ಟಿ ಡಬ್ಬಿ ಯಾರಿಗೆ ಬೇಕು? ವಿದ್ಯಾರ್ಥಿ ಸಮೀಕ್ಷೆಗೆ ಸರಿಯಾದ ಸ್ಯಾಂಪಲ್ ಆರಿಸುವುದು ಹೇಗೆ

ಬಿ.ಕಾಂ., ಬಿಬಿಎ, ಎಂಬಿಎ ಪ್ರಾಜೆಕ್ಟ್ ರಿಪೋರ್ಟುಗಳ ಮೂರನೇ ಅಧ್ಯಾಯದಲ್ಲಿ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ‘ಸಿಂಪಲ್ ರ‍್ಯಾಂಡಮ್ ಸ್ಯಾಂಪ್ಲಿಂಗ್ ವಿಧಾನದಿಂದ 100 ಜನರನ್ನು ಆಯ್ಕೆ ಮಾಡಲಾಯಿತು.’ ನಡೆದದ್ದು ಸಾಮಾನ್ಯವಾಗಿ ಬೇರೆಯೇ. ಗೂಗಲ್ ಫಾರ್ಮಿನ ಲಿಂಕನ್ನು ನಾಲ್ಕು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿ, ನೂರು ಉತ್ತರ ಬಂದ ಕೂಡಲೇ ಫಾರ್ಮ್ ಮುಚ್ಚಿರುತ್ತಾರೆ. ವೈವಾದಲ್ಲಿ ಪರೀಕ್ಷಕರು ‘ಯಾವ ಪಟ್ಟಿಯಿಂದ ರ‍್ಯಾಂಡಮ್ ಆಗಿ ತೆಗೆದಿರಿ?’ ಎಂದರೆ ಉತ್ತರ ಇರುವುದಿಲ್ಲ.

ಸ್ಯಾಂಪಲ್ ಆರಿಸುವ ಎರಡು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಆ ಪ್ರಶ್ನೆಯಲ್ಲೇ ಇದೆ. ಪ್ರಾಬಬಿಲಿಟಿ ಸ್ಯಾಂಪ್ಲಿಂಗಿನಲ್ಲಿ, ನೀವು ಅರಿಯಬೇಕೆಂದಿರುವ ಇಡೀ ಗುಂಪಿನ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರುತ್ತದೆ, ಮತ್ತು ಆ ಅವಕಾಶ ಎಷ್ಟೆಂದು ನಿಮಗೆ ಗೊತ್ತಿರುತ್ತದೆ. ಯಾರನ್ನು ಕೇಳಬೇಕು ಎಂಬುದನ್ನು ಚೀಟಿ ಅಥವಾ ಕಂಪ್ಯೂಟರ್ ತೀರ್ಮಾನಿಸುತ್ತದೆ. ನಾನ್-ಪ್ರಾಬಬಿಲಿಟಿಯಲ್ಲಿ ಆ ತೀರ್ಮಾನ ನಿಮ್ಮದು, ಇಲ್ಲವೇ ಉತ್ತರಿಸುವವರದು. ಕೈಗೆ ಸಿಕ್ಕವರನ್ನು ಕೇಳಿದರೆ ಕನ್ವೀನಿಯನ್ಸ್, ವರ್ಗಕ್ಕೆ ಇಷ್ಟು ಎಂದು ತುಂಬಿಸಿದರೆ ಕೋಟಾ, ವಿಷಯ ಬಲ್ಲವರನ್ನೇ ಹುಡುಕಿ ಕೇಳಿದರೆ ಪರ್ಪಸಿವ್, ಒಬ್ಬರಿಂದ ಇನ್ನೊಬ್ಬರ ಗುರುತು ಹಿಡಿದು ಹೋದರೆ ಸ್ನೋಬಾಲ್.

ಸಮಯ, ಹಣ ಕಡಿಮೆ ಇದ್ದರೆ ಎರಡನೆಯದೇ ಗತಿ ಎಂಬ ನಂಬಿಕೆ ಬಲವಾಗಿದೆ. ನನ್ನ ಅಭಿಪ್ರಾಯ ಬೇರೆ. ಖರ್ಚಿಗಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ರಿಪೋರ್ಟಿನ ಕೊನೆಯಲ್ಲಿ ಯಾವ ವಾಕ್ಯ ಬರೆಯಬೇಕೆಂದಿದ್ದೀರಿ? ಆ ಗುಂಪಿನ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ? ‘ಇಷ್ಟು ಜನ ಕೊಳ್ಳಬಹುದು’ ಎಂದು ಬರೆಯಬೇಕಿದ್ದು, ಪಟ್ಟಿಯೂ ಸಿಗುವಂತಿದ್ದರೆ, ಪ್ರಾಬಬಿಲಿಟಿ ವಿಧಾನ ವಿದ್ಯಾರ್ಥಿಗಳ ಕೈಗೆ ಎಟಕುವಂಥದ್ದೇ. ‘ಜನ ಏಕೆ ಕೊಳ್ಳುತ್ತಾರೆ, ಯಾವುದಕ್ಕೆ ಹಿಂಜರಿಯುತ್ತಾರೆ’ ಎಂದು ಬರೆಯಬೇಕಿದ್ದರೆ ಅದರ ಗೋಜಿಗೆ ಹೋಗಬೇಕಾಗಿಲ್ಲ.

ಒಂದು ಲೆಕ್ಕ

ಧಾರವಾಡದ ಒಂದು ಪದವಿ ಕಾಲೇಜನ್ನು ಊಹಿಸಿಕೊಳ್ಳಿ. ಇಲ್ಲಿ ಬರುವ ಅಂಕಿಗಳೆಲ್ಲ ಲೆಕ್ಕ ತಿಳಿಸಲು ಇಟ್ಟುಕೊಂಡವು. 2,400 ವಿದ್ಯಾರ್ಥಿಗಳು, 40 ಸೆಕ್ಷನ್ನುಗಳು. ನಾಲ್ವರ ತಂಡವೊಂದಕ್ಕೆ ಮೂರು ವಾರ ಸಮಯವಿದೆ, ಕೈಯಲ್ಲಿ 2,000 ರೂಪಾಯಿ ಇದೆ. ಸಂಜೆ ಹೊತ್ತು ಎರಡು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಡಬ್ಬಿಯನ್ನು ತಿಂಗಳಿಗೆ 1,800 ರೂಪಾಯಿಗೆ ರೂಮಿಗೇ ಮುಟ್ಟಿಸಿದರೆ ಈ ಕಾಲೇಜಿನಲ್ಲಿ ಎಷ್ಟು ಗಿರಾಕಿಗಳು ಸಿಕ್ಕಾರು ಎಂಬುದು ಅವರ ಪ್ರಶ್ನೆ. ಡಬ್ಬಿ ಮಾಡಿಕೊಡಲು ಒಪ್ಪಿದ ಖಾನಾವಳಿಯವರು ಕನಿಷ್ಠ 100 ಡಬ್ಬಿ ಇಲ್ಲದಿದ್ದರೆ ಗಿಟ್ಟುವುದಿಲ್ಲ ಎಂದಿದ್ದಾರೆ.

ಪ್ರಶ್ನೆ ‘ಎಷ್ಟು’ ಎಂಬುದು. ಪಟ್ಟಿ ಆಫೀಸಿನಲ್ಲಿ ಇದೆ: ಸೆಕ್ಷನ್ ವಾರು ಹೆಸರು, ರೋಲ್ ನಂಬರ್. ಪ್ರಾಂಶುಪಾಲರಿಗೆ ಗೈಡ್ ಸಹಿಯೊಂದಿಗೆ ಪತ್ರ ಕೊಟ್ಟು, ಹೆಸರು ಮತ್ತು ಸೆಕ್ಷನ್ ಮಾತ್ರ ಸಾಕು, ಫೋನ್ ನಂಬರ್ ಬೇಡ ಎಂದು ಸ್ಪಷ್ಟವಾಗಿ ಬರೆದರೆ ಪಟ್ಟಿ ಸಿಗುವ ಸಾಧ್ಯತೆ ಹೆಚ್ಚು. ಈ ಪತ್ರವನ್ನು ಮೊದಲ ದಿನವೇ ಕೊಡಬೇಕು, ಏಕೆಂದರೆ ಇಡೀ ಕೆಲಸದಲ್ಲಿ ನಿಮ್ಮ ಕೈಯಲ್ಲಿಲ್ಲದ ವಿಳಂಬ ಇದೊಂದೇ.

ಪಟ್ಟಿ ಬಂದ ಮೇಲೆ ಸಿಸ್ಟಮ್ಯಾಟಿಕ್ ಸ್ಯಾಂಪ್ಲಿಂಗ್ ಅತಿ ಸುಲಭ. ಎಲ್ಲ ಸೆಕ್ಷನ್ನುಗಳನ್ನು ಒಂದರ ಕೆಳಗೊಂದು ಜೋಡಿಸಿ 1ರಿಂದ 2,400ರವರೆಗೆ ಕ್ರಮಸಂಖ್ಯೆ ಹಾಕಿ. 240 ಹೆಸರು ಬೇಕೆಂದರೆ ಹತ್ತಕ್ಕೊಂದು. ಶುರುವಾಗುವ ಸಂಖ್ಯೆಯನ್ನು ಎಕ್ಸೆಲ್ ಕೊಡಲಿ:

```
=RANDBETWEEN(1,10)
```

7 ಬಂತು ಎನ್ನಿ. 7, 17, 27, 37 ಎಂದು ಕೊನೆಯವರೆಗೆ ಹೋಗುತ್ತದೆ. ಪಟ್ಟಿ ಸೆಕ್ಷನ್ ವಾರು ಇರುವುದರಿಂದ ಪ್ರತಿ ಸೆಕ್ಷನ್ನಿನಿಂದ ಸುಮಾರು ಆರು ಹೆಸರು ತಾನಾಗಿಯೇ ಬರುತ್ತವೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಲ್ಲವೂ ತಮ್ಮ ಪಾಲಿನಷ್ಟು ಸೇರುತ್ತವೆ, ಬೇರೆಯಾಗಿ ವರ್ಗೀಕರಿಸುವ ಕಷ್ಟವಿಲ್ಲ. ಒಂದನ್ನು ಮಾತ್ರ ನೋಡಿಕೊಳ್ಳಿ: ಪಟ್ಟಿಯಲ್ಲಿ ಹತ್ತತ್ತು ಹೆಸರಿಗೆ ಮರುಕಳಿಸುವ ಯಾವುದಾದರೂ ಕ್ರಮ ಇರಬಾರದು. ಲ್ಯಾಬ್ ಬ್ಯಾಚುಗಳನ್ನು ಹತ್ತು ಹತ್ತಾಗಿ ಮಾಡಿ ಪ್ರತಿ ಬ್ಯಾಚಿನ ಲೀಡರ್ ಹೆಸರನ್ನು ಮೊದಲು ಬರೆದಿದ್ದರೆ, ನಿಮ್ಮ ಸ್ಯಾಂಪಲ್ಲಿಗೆ ಲೀಡರುಗಳೇ ಬಂದು ಬೀಳಬಹುದು, ಇಲ್ಲವೇ ಒಬ್ಬ ಲೀಡರೂ ಬಾರದೆ ಹೋಗಬಹುದು.

ಈಗ ಖರ್ಚು. ಒಂದು ಪುಟದ ಪ್ರಶ್ನಾವಳಿಯ 240 ಪ್ರತಿಗೆ, ಪ್ರತಿಗೆ 2 ರೂಪಾಯಿ ಹಿಡಿದರೂ 480 ರೂಪಾಯಿ. ತಂಡದ ಒಬ್ಬೊಬ್ಬರಿಗೆ ಹತ್ತು ಸೆಕ್ಷನ್. ಅಧ್ಯಾಪಕರ ಅನುಮತಿ ಪಡೆದು, ತರಗತಿಯ ಕೊನೆಯ ಐದು ನಿಮಿಷದಲ್ಲಿ ಆರು ಹೆಸರು ಕರೆದು ಕೇಳಿದರೆ ಮೊದಲ ಸುತ್ತು ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ. ಸಮಯ ತಿನ್ನುವುದು ಎರಡನೇ, ಮೂರನೇ ಸುತ್ತು: ಆವತ್ತು ಬಾರದವರನ್ನು ಬೇರೆ ಬೇರೆ ದಿನ ಹುಡುಕಿಕೊಂಡು ಹೋಗುವುದು. ಕೆಲಸ ಕೆಡುವುದೂ ಇಲ್ಲೇ. ಹೆಸರು ಕರೆದಾಗ ಆ ಹುಡುಗ ಇಲ್ಲ, ಪಕ್ಕದ ಬೆಂಚಿನವನು ‘ನಾ ಬರದ ಕೊಡ್ತೀನ್ರಿ’ ಎನ್ನುತ್ತಾನೆ. ಒಪ್ಪಿಕೊಂಡರೆ ಆ ಹಾಳೆ ಕನ್ವೀನಿಯನ್ಸ್ ಸ್ಯಾಂಪಲ್ಲಿನ ಹಾಳೆಯಾಗುತ್ತದೆ. ತರಗತಿಗೆ ತಪ್ಪದೆ ಬರುವವರು ಮತ್ತು ಬಾರದವರು ಈ ಪ್ರಶ್ನೆಯ ಮಟ್ಟಿಗೆ ಒಂದೇ ತರಹದವರಲ್ಲ. ಬಾರದವರಲ್ಲಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವವರು, ಸಂಜೆ ಕೆಲಸಕ್ಕೆ ಹೋಗುವವರು ಹೆಚ್ಚಿರಬಹುದು. ಅವರ ಊಟದ ವ್ಯವಸ್ಥೆಯೇ ಬೇರೆ. ಮೂರು ಸಲ ಹೋದರೂ ಸಿಗದಿದ್ದರೆ ಆ ಹೆಸರಿನ ಮುಂದೆ ‘ಸಿಗಲಿಲ್ಲ’ ಎಂದೇ ಬರೆಯಿರಿ.

ಮೂರು ವಾರದ ಕೊನೆಗೆ 204 ಜನ ಸಿಕ್ಕರು ಎಂದುಕೊಳ್ಳೋಣ. ಡಬ್ಬಿ ಬೇಕೆಂದವರು 32. ಬೇಕೆಂದವರ ಪಾಲು 204ಕ್ಕೆ 32, ಎಂದರೆ ಶೇ. 15.7. ತಪ್ಪಿನ ಅಂಚು ತೆಗೆಯುವ ಸರಳ ಸೂತ್ರ ಇದು:

```
2 * sqrt( p*(1-p) / n )
```

p ಜಾಗಕ್ಕೆ 0.157, n ಜಾಗಕ್ಕೆ 204 ಹಾಕಿದರೆ ಸುಮಾರು 0.05 ಬರುತ್ತದೆ. ಶೇ. 15.7ರಿಂದ ಐದು ಅಂಶ ಆಚೆ, ಐದು ಅಂಶ ಈಚೆ. ಇಡೀ ಕಾಲೇಜಿಗೆ ಹಚ್ಚಿದರೆ ಸುಮಾರು 375 ಜನ. ಕಡಿಮೆಯೆಂದರೆ 255, ಹೆಚ್ಚೆಂದರೆ 500ರ ಆಸುಪಾಸು. ಸಿಗದ 36 ಜನರೆಲ್ಲ ‘ಬೇಡ’ ಎನ್ನುವವರೇ ಆಗಿದ್ದರೆ? ಆಗ 240ಕ್ಕೆ 32, ಎಂದರೆ ಕಾಲೇಜಿನಲ್ಲಿ 320 ಜನ. ಅಂದಾಜು ಇಳಿಯಿತು, ಆದರೆ ನೆಲ ಕಚ್ಚಲಿಲ್ಲ. ಸಿಗದವರಿಂದ ಎಷ್ಟು ಕೆಟ್ಟದಾಗಬಹುದು ಎಂಬುದನ್ನೂ ಲೆಕ್ಕ ಹಾಕಲು ಸಾಧ್ಯವಾದದ್ದು ಮೊದಲು 240 ಹೆಸರು ಗಟ್ಟಿ ಮಾಡಿಕೊಂಡಿದ್ದರಿಂದ. ಗೂಗಲ್ ಫಾರ್ಮಿನಲ್ಲಿ ಉತ್ತರಿಸದವರು ಎಷ್ಟು ಮಂದಿ ಎಂಬುದೇ ತಿಳಿಯುವುದಿಲ್ಲ.

‘ಬೇಕು’ ಎಂದವರೆಲ್ಲ ದುಡ್ಡು ಕೊಡುವುದಿಲ್ಲ ಎಂಬುದನ್ನು ಮರೆಯಬಾರದು. ಈ ದೋಷ ಎರಡೂ ವಿಧಾನಗಳಿಗೆ ಸಮ, ಸ್ಯಾಂಪ್ಲಿಂಗ್ ಅದನ್ನು ಸರಿಪಡಿಸದು. ಪ್ರಶ್ನೆಯಲ್ಲಿ ಬೆಲೆ, ಹೊತ್ತು, ಏನೇನು ಇರುತ್ತದೆ ಎಂಬುದನ್ನು ನೇರವಾಗಿ ಬರೆದು, ‘ಮುಂದಿನ ತಿಂಗಳಿಂದ 200 ರೂಪಾಯಿ ಮುಂಗಡ ಕೊಡುತ್ತೀರಾ?’ ಎಂದು ಕೇಳಿದರೆ ಸ್ವಲ್ಪ ಹತೋಟಿ ಸಿಗುತ್ತದೆ. ಕನಿಷ್ಠ ಅಂದಾಜಾದ 255ರಲ್ಲಿ ಅರ್ಧದಷ್ಟು ಜನ ಮಾತ್ರ ನಿಜಕ್ಕೂ ಬಂದರೂ 127 ಡಬ್ಬಿ. ಖಾನಾವಳಿಯವರ 100ಕ್ಕಿಂತ ಮೇಲೆಯೇ.

ಇದೇ ಪ್ರಶ್ನೆ, ಗೂಗಲ್ ಫಾರ್ಮಿನಲ್ಲಿ

ಅದೇ ತಂಡ ಲಿಂಕ್ ಹಂಚಿದ್ದರೆ ಎರಡು ದಿನದಲ್ಲಿ 300 ಉತ್ತರ ಬರಬಹುದಿತ್ತು. 204ಕ್ಕಿಂತ 300 ದೊಡ್ಡದು. ಆದರೆ ಊಟದ ಸಮೀಕ್ಷೆಯ ಲಿಂಕನ್ನು ಒತ್ತುವವರು ಯಾರು? ಊಟದ ತೊಂದರೆ ಇರುವವರು ಮತ್ತು ನಿಮ್ಮ ಗೆಳೆಯರು. ಮನೆಯಲ್ಲಿ ಅವ್ವನ ಕೈ ಅಡುಗೆ ಉಣ್ಣುವವರು ಅದನ್ನು ತೆರೆಯುವುದೂ ಇಲ್ಲ. ‘ಶೇ. 60 ಜನರಿಗೆ ಡಬ್ಬಿ ಬೇಕು’ ಎಂಬ ಫಲಿತಾಂಶ ಬಂದರೆ ಅದು ಲಿಂಕ್ ಒತ್ತಿದವರ ಮಾತು. ಅದನ್ನು 2,400ರಿಂದ ಗುಣಿಸಲು ಬರುವುದಿಲ್ಲ, ಸ್ಯಾಂಪಲ್ 300 ಇದ್ದರೂ ಅಷ್ಟೇ, 1,000 ಇದ್ದರೂ ಅಷ್ಟೇ.

ಇದಕ್ಕೆ ಅನೇಕ ಪಠ್ಯಗಳಲ್ಲಿ ಬರುವ ಸಾಕ್ಷಿ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಟೆಲಿಫೋನ್ ಡೈರೆಕ್ಟರಿ, ಕಾರು ಮಾಲೀಕರ ಪಟ್ಟಿ ಮೊದಲಾದವುಗಳಿಂದ ಹೆಸರು ತೆಗೆದು ಸುಮಾರು ಒಂದು ಕೋಟಿ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. ಮರಳಿ ಬಂದವು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅವುಗಳ ಆಧಾರದ ಮೇಲೆ ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು, ರೂಸ್‌ವೆಲ್ಟ್ ಭಾರಿ ಬಹುಮತದಿಂದ ಗೆದ್ದರು. ಪಟ್ಟಿಯೂ ಉಳ್ಳವರ ಕಡೆ ವಾಲಿತ್ತು, ಉತ್ತರ ಕಳಿಸುವ ಉತ್ಸಾಹವೂ ಒಂದು ಕಡೆಗೇ ವಾಲಿತ್ತು. ವಾಟ್ಸ್ಆ್ಯಪ್ ಲಿಂಕಿಗೂ ಈ ಎರಡೂ ದೋಷಗಳಿವೆ.

ನಿಮ್ಮ ಫಾರ್ಮ್ ವಾಲಿದೆಯೇ ಎಂದು ಸ್ವಲ್ಪಮಟ್ಟಿಗೆ ಪತ್ತೆ ಹಚ್ಚಬಹುದು. ಉತ್ತರಗಳ ಶೀಟಿನ ಮೊದಲ ಕಾಲಂ `Timestamp`. ಅದನ್ನು ನೋಡುತ್ತ ಹೋಗಿ: ಒಂದು ಗುಂಪಿಗೆ ಲಿಂಕ್ ಹಾಕಿದ ಅರ್ಧ ಗಂಟೆಯಲ್ಲಿ ಮೂವತ್ತು ಉತ್ತರ, ಆಮೇಲೆ ಮೌನ, ಇನ್ನೊಂದು ಗುಂಪಿಗೆ ಹಾಕಿದಾಗ ಮತ್ತೆ ನಲವತ್ತು ಎಂಬಂತೆ ಗೊಂಚಲು ಗೊಂಚಲಾಗಿ ಬಂದಿರುತ್ತವೆ. ಪ್ರತಿ ಗೊಂಚಲಿನಲ್ಲೂ ‘ಬೇಕು’ ಎಂದವರ ಪಾಲು ಬೇರೆ ಬೇರೆ ತೆಗೆಯಿರಿ. ಒಂದರಲ್ಲಿ ಶೇ. 75, ಇನ್ನೊಂದರಲ್ಲಿ ಶೇ. 35 ಇದ್ದರೆ ನಿಮ್ಮ ಒಟ್ಟು ಶೇಕಡಾವಾರು ಯಾವ ಗುಂಪಿಗೆ ಎಷ್ಟು ಸಲ ಲಿಂಕ್ ಹಾಕಿದಿರಿ ಎಂಬುದನ್ನು ತೋರಿಸುತ್ತಿದೆಯೇ ಹೊರತು ಕಾಲೇಜಿನ ಬೇಡಿಕೆಯನ್ನಲ್ಲ. ಗಂಡು-ಹೆಣ್ಣು, ಕೋರ್ಸ್‌ವಾರು ಪಾಲನ್ನು ಆಫೀಸಿನ ಅಂಕಿಗಳ ಜೊತೆ ಹೋಲಿಸುವುದೂ ಒಳ್ಳೆಯ ಪರೀಕ್ಷೆ. ಆದರೆ ಅವು ಹೊಂದಿದ ಮಾತ್ರಕ್ಕೆ ಸ್ಯಾಂಪಲ್ ಸರಿಯಿದೆ ಎಂದಾಗದು. ಅಳೆಯದ ಗುಣದಲ್ಲಿ, ಉದಾಹರಣೆಗೆ ಮನೆಯಲ್ಲಿರುವವರು ಎಷ್ಟು ಎಂಬುದರಲ್ಲಿ, ವಾಲಿರಬಹುದು.

ಇನ್ನೊಂದು ತಪ್ಪು ಸ್ಯಾಂಪಲ್ ಗಾತ್ರದ ಪಟ್ಟಿಗೆ ಸಂಬಂಧಿಸಿದ್ದು. 1970ರಲ್ಲಿ ಪ್ರಕಟವಾದ ಕ್ರೆಜಿ ಮತ್ತು ಮಾರ್ಗನ್ ಪಟ್ಟಿಯನ್ನು ನೋಡಿ ‘2,400 ಜನಕ್ಕೆ 331’, ‘ದೊಡ್ಡ ಊರಿಗೆ 384’ ಎಂದು ಬರೆದು, ಆ ಸಂಖ್ಯೆಯನ್ನು ಲಿಂಕ್ ಹಂಚಿ ತುಂಬಿಸುವವರು ಬಹಳ. ಆ ಪಟ್ಟಿಯ ಲೆಕ್ಕ ನಿಂತಿರುವುದೇ ರ‍್ಯಾಂಡಮ್ ಆಯ್ಕೆಯ ಮೇಲೆ. ಕನ್ವೀನಿಯನ್ಸ್ ಸ್ಯಾಂಪಲ್ಲಿಗೆ 384ಕ್ಕೆ ಯಾವ ವಿಶೇಷ ಅರ್ಥವೂ ಇಲ್ಲ.

ನಡುವಿನ ದಾರಿ: ಇಡೀ ಸೆಕ್ಷನ್ ಕೇಳುವುದು

ಹೆಸರು ಹಿಡಿದು ಹುಡುಕುವುದು ಕಷ್ಟವೆನಿಸಿದರೆ, 40 ಸೆಕ್ಷನ್ನುಗಳಲ್ಲಿ ಚೀಟಿ ಎತ್ತಿ ನಾಲ್ಕನ್ನು ಆರಿಸಿ, ಅಲ್ಲಿ ಎಲ್ಲರಿಗೂ ಹಾಳೆ ಕೊಡಬಹುದು. ಇದು ಕ್ಲಸ್ಟರ್ ಸ್ಯಾಂಪ್ಲಿಂಗ್, ಪ್ರಾಬಬಿಲಿಟಿಯೇ. ಸೆಕ್ಷನ್ನಿನ 60ರಲ್ಲಿ 55 ಜನ ತರಗತಿಗೆ ಬಂದಿದ್ದರೆ ಒಂದು ಬೆಳಗ್ಗೆಯಲ್ಲಿ 220 ಹಾಳೆ ಕೈಗೆ ಬರುತ್ತದೆ. ಬೆಲೆ ತೆರುವುದು ನಿಖರತೆಯಲ್ಲಿ: ಒಂದೇ ಸೆಕ್ಷನ್ನಿನವರು ಒಬ್ಬರಿಗೊಬ್ಬರು ಹೋಲುತ್ತಾರೆ. ಆ ಹೋಲಿಕೆ ತುಸುವೇ ಇದ್ದರೂ, ಸಂಖ್ಯಾಶಾಸ್ತ್ರದ ಅಳತೆಯಲ್ಲಿ 0.05 ಎನ್ನಿ, ಸ್ಯಾಂಪಲ್ಲಿನ ಬಲ ಎಷ್ಟು ಪಟ್ಟು ತಗ್ಗುತ್ತದೆ ಎಂದು ಹೇಳುವ ಡಿಸೈನ್ ಎಫೆಕ್ಟ್ 55 ಜನರ ಸೆಕ್ಷನ್ನಿಗೆ 1 + 54 × 0.05, ಎಂದರೆ 3.7. 220ನ್ನು 3.7ರಿಂದ ಭಾಗಿಸಿ. ಬಿಡಿಬಿಡಿಯಾಗಿ ಆರಿಸಿದ ಸುಮಾರು 60 ಜನ ಹೇಳುವಷ್ಟನ್ನೇ ಆ 220 ಹಾಳೆ ಹೇಳುತ್ತವೆ. ಹತ್ತು ಸೆಕ್ಷನ್ ಆರಿಸಿ ಒಂದೊಂದರಲ್ಲಿ ಇಪ್ಪತ್ತು ಜನರನ್ನು ರೋಲ್ ನಂಬರಿನಿಂದ ತೆಗೆದರೆ ಇದೇ ಲೆಕ್ಕ 100 ದಾಟುತ್ತದೆ. ನನಗೆ ನಾಲ್ಕು ಸೆಕ್ಷನ್ನಿನ ದಾರಿ ಅಷ್ಟು ಹಿಡಿಸದು. ಚೀಟಿಯಲ್ಲಿ ಬೆಳಗಿನ ಪಾಳಿಯ ಎರಡು ಸೆಕ್ಷನ್ ಬಂದುಬಿಟ್ಟರೆ ಫಲಿತಾಂಶವೇ ತಿರುಗುತ್ತದೆ.

ಪಟ್ಟಿಯೇ ಇಲ್ಲದಾಗ

ಈಗ ಪ್ರಶ್ನೆಯನ್ನು ಕಾಲೇಜಿನಿಂದ ಹೊರಗೆ ತನ್ನಿ. ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗಿಗೆ ಬಂದು ರೂಮು, ಪಿಜಿಗಳಲ್ಲಿ ಇರುವ ಹುಡುಗ ಹುಡುಗಿಯರು ಬಹಳ. ರೊಟ್ಟಿ ಡಬ್ಬಿಗೆ ಅವರೇ ನಿಜವಾದ ಗಿರಾಕಿಗಳಿರಬಹುದು. ಅವರ ಪಟ್ಟಿ ಎಲ್ಲಿದೆ? ಮತದಾರರ ಪಟ್ಟಿ ಬಹಿರಂಗವಾಗಿ ಸಿಗುತ್ತದೆ, ಮನೆಮನೆಯ ಸಮೀಕ್ಷೆಗೆ ಅದು ಒಳ್ಳೆಯ ಆಧಾರ. ಆದರೆ ಇವರಲ್ಲಿ ಹೆಚ್ಚಿನವರ ಹೆಸರು ಊರಿನ ಪಟ್ಟಿಯಲ್ಲಿರುತ್ತದೆ, ಸಪ್ತಾಪುರದ್ದರಲ್ಲಿ ಅಲ್ಲ. ಕೋಚಿಂಗ್ ಸೆಂಟರಿನವರು ತಮ್ಮ ವಿದ್ಯಾರ್ಥಿಗಳ ಪಟ್ಟಿ ಹೊರಗಿನವರಿಗೆ ಕೊಡುವುದಿಲ್ಲ, ಕೊಡಲೂಬಾರದು. ಎಲ್ಲ ಓಣಿಗಳ ಪಿಜಿಗಳನ್ನು ನೀವೇ ಪಟ್ಟಿ ಮಾಡಬಹುದು, ಆದರೆ ಮೂರು ವಾರದಲ್ಲಿ ಅದೇ ಮುಗಿಯುವುದು ಅನುಮಾನ. ಇಲ್ಲಿ ನಾನ್-ಪ್ರಾಬಬಿಲಿಟಿ ಸರಿಯಾದ ಆಯ್ಕೆ, ಮತ್ತು ಅದರಲ್ಲಿ ಕೋಟಾ ಎಲ್ಲಕ್ಕಿಂತ ಉಪಯುಕ್ತ.

ಊಟದ ನಿರ್ಧಾರವನ್ನು ಬದಲಿಸುವ ಎರಡು ಗುಣ ಹಿಡಿಯಿರಿ: ಗಂಡು ಅಥವಾ ಹೆಣ್ಣು, ಊಟ ಸೇರಿದ ಪಿಜಿ ಅಥವಾ ಊಟವಿಲ್ಲದ ರೂಮು. ನಾಲ್ಕು ವರ್ಗಗಳು, ಒಂದೊಂದಕ್ಕೆ 20 ಜನ. ಪುಸ್ತಕದ ಪ್ರಕಾರ ಕೋಟಾ ಜನಸಂಖ್ಯೆಯ ಪಾಲಿಗೆ ತಕ್ಕಂತಿರಬೇಕು. ಆ ಪಾಲು ನಿಮಗೆ ಗೊತ್ತಿಲ್ಲವಾದ್ದರಿಂದ ಸಮವಾಗಿ ಇಟ್ಟುಕೊಳ್ಳಿ, ಆದರೆ ಆಮೇಲೆ ನಾಲ್ಕನ್ನೂ ಕೂಡಿಸಿ ಒಂದೇ ಶೇಕಡಾವಾರು ಕೊಡಬೇಡಿ. ‘ಊಟವಿಲ್ಲದ ರೂಮಿನಲ್ಲಿರುವ 20 ಹುಡುಗಿಯರಲ್ಲಿ 13 ಮಂದಿ ಬೇಕೆಂದರು, ಊಟ ಸೇರಿದ ಪಿಜಿಯ 20 ಹುಡುಗಿಯರಲ್ಲಿ 3 ಮಂದಿ’ ಎಂದು ವರ್ಗವಾರು ಬರೆಯಿರಿ. ಡಬ್ಬಿ ಮಾರುವವರಿಗೆ ಇಷ್ಟರಿಂದಲೇ ಯಾವ ಬಾಗಿಲು ತಟ್ಟಬೇಕೆಂಬುದು ಸಾಕಷ್ಟು ತಿಳಿಯುತ್ತದೆ.

ಕೋಟಾದ ದೌರ್ಬಲ್ಯ ವರ್ಗದ ಒಳಗೆ ಇದೆ. 1936ರಲ್ಲಿ ಕೋಟಾ ಬಳಸಿ ಗೆದ್ದವರನ್ನು ಸರಿಯಾಗಿ ಹೇಳಿದ್ದ ಗ್ಯಾಲಪ್ ಸಂಸ್ಥೆ, 1948ರಲ್ಲಿ ಅದೇ ಕೋಟಾ ಬಳಸಿ ಡ್ಯೂಯಿ ಗೆಲ್ಲುತ್ತಾರೆಂದಿತು, ಗೆದ್ದವರು ಟ್ರೂಮನ್. ಬೇಕಾದದ್ದಕ್ಕಿಂತ ಮುಂಚೆಯೇ ಸಮೀಕ್ಷೆ ನಿಲ್ಲಿಸಿದ್ದು ಒಂದು ಕಾರಣ. ಕೋಟಾದ ಒಳಗೆ ಯಾರನ್ನು ಮಾತನಾಡಿಸಬೇಕೆಂಬುದು ಸಂದರ್ಶಕರ ಇಷ್ಟಕ್ಕೆ ಬಿಟ್ಟದ್ದು ಇನ್ನೊಂದು. ನಿಮ್ಮ ತಂಡದಲ್ಲೂ ಹಾಗೇ ಆಗುತ್ತದೆ: ಚಹಾದಂಗಡಿ ಮುಂದೆ ಬಿಡುವಾಗಿ ನಿಂತವರಿಂದಲೇ ಇಪ್ಪತ್ತು ತುಂಬಿಬಿಡುತ್ತದೆ, ಲೈಬ್ರರಿಯಲ್ಲಿ ರಾತ್ರಿ ಹತ್ತರವರೆಗೆ ಕೂರುವವರು ಒಬ್ಬರೂ ಇರುವುದಿಲ್ಲ. ಆದ್ದರಿಂದ ಆಯ್ಕೆಯನ್ನು ಸಂದರ್ಶಕರ ಕೈಯಿಂದ ಆದಷ್ಟು ಕಸಿದುಕೊಳ್ಳಬೇಕು. ಒಂದು ಕಟ್ಟಡದಿಂದ ಇಬ್ಬರಿಗಿಂತ ಹೆಚ್ಚು ಬೇಡ. ಬೆಳಗ್ಗೆ, ಸಂಜೆ, ರಾತ್ರಿ ಮೂರೂ ಹೊತ್ತು ಹೋಗಬೇಕು. ಕನಿಷ್ಠ ಐದು ಓಣಿ ಮುಟ್ಟಬೇಕು. ಒಲ್ಲೆ ಎಂದವರನ್ನೂ ಎಣಿಸಬೇಕು. ಇಷ್ಟನ್ನು ಬರೆದು ಕೊಡಿ. ಹುಡುಗಿಯರ ಪಿಜಿಗೆ ತಂಡದ ಹುಡುಗಿಯರೇ ಹೋಗಲಿ, ಮೊದಲು ಪಿಜಿ ನಡೆಸುವ ಅಕ್ಕನವರನ್ನು ಮಾತನಾಡಿಸಿ.

ಬೆಲೆ ಏರಿಸಿದರೆ ಬಿಡುವವರೇ, ರೊಟ್ಟಿ ತಣ್ಣಗಾದರೆ ಏನನ್ನುತ್ತಾರೆ, ಭಾನುವಾರ ಬೇಕೋ ಬೇಡವೋ ಎಂಬಂಥವಕ್ಕೆ ಇಷ್ಟೂ ಬೇಡ. ಖಾನಾವಳಿ ನಡೆಸುವ ಇಬ್ಬರು, ಈಗಾಗಲೇ ಡಬ್ಬಿ ತರಿಸುವ ಆರು ಜನ, ತರಿಸಿ ಬಿಟ್ಟ ನಾಲ್ಕು ಜನರ ಜೊತೆ ಅರ್ಧರ್ಧ ಗಂಟೆ ಕುಳಿತು ಮಾತನಾಡಿ. ಬಿಟ್ಟವರನ್ನು ಹುಡುಕಲು ಸ್ನೋಬಾಲೇ ಸರಿ. ಈ ಮಾತುಕತೆ ಪ್ರಶ್ನಾವಳಿ ಮಾಡುವ ಮೊದಲೇ ಆಗಬೇಕು, ಆಗ ಪ್ರಶ್ನೆಗಳೇ ಸುಧಾರಿಸುತ್ತವೆ.

ರಿಪೋರ್ಟಿನಲ್ಲಿ ಏನು ಬರೆಯಬಹುದು

ಕಾಲೇಜಿನ ಸ್ಯಾಂಪಲ್ಲಿಗೆ: ‘ಸೆಕ್ಷನ್ ವಾರು ಪಟ್ಟಿಯಿಂದ ಹತ್ತಕ್ಕೊಂದರಂತೆ 240 ಹೆಸರು ಆಯ್ದು, ಮೂರು ಭೇಟಿಗಳಲ್ಲಿ 204 ಜನರಿಂದ ಉತ್ತರ ಪಡೆಯಲಾಯಿತು.’ ಇದರ ಜೊತೆ ತಪ್ಪಿನ ಅಂಚು ಕೊಡಬಹುದು, ಇಡೀ ಕಾಲೇಜಿಗೆ ಅಂದಾಜು ಹೇಳಬಹುದು. ಸಪ್ತಾಪುರದ್ದಕ್ಕೆ: ‘ನಾಲ್ಕು ವರ್ಗಗಳಿಂದ ತಲಾ 20 ಜನರನ್ನು ಕೋಟಾ ವಿಧಾನದಲ್ಲಿ ಸಂದರ್ಶಿಸಲಾಯಿತು, ಫಲಿತಾಂಶ ಸಂದರ್ಶಿಸಿದವರಿಗೆ ಸೀಮಿತ.’ ಇಲ್ಲಿ ತಪ್ಪಿನ ಅಂಚು ಬರೆಯಬಾರದು. ಕೈ-ಸ್ಕ್ವೇರ್ ಟೆಸ್ಟ್ ಮಾಡಿ p-ವ್ಯಾಲ್ಯೂ ಹಾಕಿ, ಅದು ಊರಿನ ಎಲ್ಲ ಪಿಜಿ ವಾಸಿಗಳಿಗೂ ಅನ್ವಯಿಸುತ್ತದೆ ಎನ್ನುವುದೂ ತಪ್ಪೇ, ಸಾಫ್ಟ್‌ವೇರ್ ಉತ್ತರ ಕೊಟ್ಟೇ ಕೊಡುತ್ತದಾದರೂ.

ಮೂರು ವಾರದ ಬದಲು ಒಂದೇ ವಾರ ಉಳಿದಿದ್ದರೆ ಕಾಲೇಜಿನ ಸ್ಯಾಂಪಲ್ ಕೈಬಿಟ್ಟು ಲಿಂಕ್ ಹಂಚಬೇಡಿ, ಸ್ಯಾಂಪಲ್ಲನ್ನೇ ಅರ್ಧ ಮಾಡಿ. ಶುರುವಿನ ಸಂಖ್ಯೆಯನ್ನು ಈ ಸಲ `=RANDBETWEEN(1,20)`ರಿಂದ ತೆಗೆಯಿರಿ, 7 ಬಂದರೆ ಇಪ್ಪತ್ತಕ್ಕೊಂದರಂತೆ 7, 27, 47 ಎಂದು 120 ಹೆಸರು. ಅದೇ ಪ್ರಮಾಣದಲ್ಲಿ 102 ಜನ ಸಿಕ್ಕು, ಅದೇ ಶೇ. 15.7 ಬಂದರೆ ತಪ್ಪಿನ ಅಂಚು ಸುಮಾರು 7.2 ಅಂಶವಾಗುತ್ತದೆ. ಕನಿಷ್ಠ ಅಂದಾಜು 204ಕ್ಕೆ ಇಳಿಯುತ್ತದೆ. ಅದರ ಅರ್ಧ 102, ಖಾನಾವಳಿಯವರ 100ಕ್ಕೆ ತೀರ ಹತ್ತಿರ. ಇಷ್ಟು ಅಂಚಿಗೆ ಬಂದಾಗ ಮಾತ್ರ ಉಳಿದರ್ಧಕ್ಕೆ ಸಮಯ ಕೇಳಿ. 17, 37, 57 ಎಂದು ಇನ್ನೊಂದು 120 ಹೆಸರು ಸೇರಿಸಿದರೆ ಮೊದಲಿನ ಹತ್ತಕ್ಕೊಂದರ ಸ್ಯಾಂಪಲ್ಲೇ ಪೂರ್ತಿಯಾಗುತ್ತದೆ, ಮಾಡಿದ ಕೆಲಸ ಒಂದಿಷ್ಟೂ ವ್ಯರ್ಥವಾಗುವುದಿಲ್ಲ.